ಹಲವು ದೇಶಗಳಲ್ಲಿ ಚದುರಿದ ಓದುಗರಿಗೆ ಕ್ಲೌಡ್‌ಫ್ಲೇರ್: ದೀರ್ಘ ಬಳಕೆಯ ನಂತರದ ವಿಮರ್ಶೆ

ಕಥೆ ಮತ್ತು ಪ್ರಬಂಧಗಳನ್ನು ಪ್ರಕಟಿಸುವ ಒಂದು ಕನ್ನಡ ಜಾಲಪತ್ರಿಕೆಯ ತಾಂತ್ರಿಕ ಹೊಣೆ ನನ್ನದು. ಪತ್ರಿಕೆ ವರ್ಡ್‌ಪ್ರೆಸ್‌ನಲ್ಲಿದೆ, ಸರ್ವರ್ ಮುಂಬೈಯಲ್ಲಿದೆ. ಓದುಗರಲ್ಲಿ ಹೆಚ್ಚಿನವರು ಕರ್ನಾಟಕದವರು. ಉಳಿದವರು ದುಬೈ, ನ್ಯೂಜೆರ್ಸಿ, ಲಂಡನ್, ಮೆಲ್ಬರ್ನ್ ಹೀಗೆ ಹರಡಿಕೊಂಡಿದ್ದಾರೆ. ತಾಣದ ಪ್ರತಿಗಳನ್ನು ಓದುಗರ ಹತ್ತಿರದ ಕೇಂದ್ರಗಳಲ್ಲಿಟ್ಟು ಹಂಚುವ ಜಾಲ, ಅಂದರೆ ಸಿಡಿಎನ್, ಒದಗಿಸುವ ಕಂಪನಿ ಕ್ಲೌಡ್‌ಫ್ಲೇರ್. ಕೆಲವು ವರ್ಷಗಳಿಂದ ಅದರ ಉಚಿತ ಯೋಜನೆಯನ್ನು ಬಳಸುತ್ತಿದ್ದೇನೆ. ಓದುಗರು ಕಡಿಮೆ ಇದ್ದು ದೇಶಗಳು ಹೆಚ್ಚಿರುವ ತಾಣಗಳಿಗೆ ಈ ವಿಮರ್ಶೆ ಉಪಯೋಗಕ್ಕೆ ಬರಬಹುದು. ದಿನಕ್ಕೆ ಲಕ್ಷಗಟ್ಟಲೆ ಜನ ಬರುವ ತಾಣಗಳ ಲೆಕ್ಕಾಚಾರವೇ ಬೇರೆ.

ಸಿಡಿಎನ್ ಆರಿಸುವಾಗ ಎಲ್ಲರ ಕಣ್ಣು ಮೊದಲು ಹೋಗುವುದು ಕಂಪನಿಗೆ ಎಷ್ಟು ನಗರಗಳಲ್ಲಿ ಡೇಟಾ ಸೆಂಟರ್ ಇದೆ ಎಂಬುದರ ಕಡೆಗೆ. ನಮ್ಮಂಥವರಿಗೆ ಆ ಸಂಖ್ಯೆಯಿಂದ ಸಿಗುವ ಲಾಭ ಕಡಿಮೆ. ಪ್ರತಿಯೊಂದು ಕೇಂದ್ರವೂ ತನ್ನದೇ ಕ್ಯಾಶ್, ಅಂದರೆ ಪ್ರತಿಗಳ ತಾತ್ಕಾಲಿಕ ಸಂಗ್ರಹ, ಇಟ್ಟುಕೊಳ್ಳುತ್ತದೆ. ಮೆಲ್ಬರ್ನ್‌ನ ಓದುಗರೊಬ್ಬರು ಒಂದು ಕಥೆಯನ್ನು ತೆರೆದರೆ ಅದರ ಪ್ರತಿ ಅಲ್ಲಿ ಉಳಿಯುತ್ತದೆಯೇ ಹೊರತು ಲಂಡನ್‌ಗೆ ಹೋಗುವುದಿಲ್ಲ. ಮೆಲ್ಬರ್ನ್‌ನಲ್ಲಿಯೂ ಅದನ್ನು ಮತ್ತೆ ಯಾರೂ ಕೇಳದಿದ್ದರೆ, ಜಾಗಕ್ಕಾಗಿ ಅವಧಿಗೆ ಮುಂಚೆಯೇ ಅಳಿಸಿಹೋಗಬಹುದು. ಆದ್ದರಿಂದ ನಾನು ಮುಖ್ಯವಾಗಿ ನೋಡಿದ್ದು ಮೂರು ಸಂಗತಿಗಳನ್ನು: ಎಚ್‌ಟಿಎಂಎಲ್ ಪುಟವನ್ನೇ ಕ್ಯಾಶ್ ಮಾಡಲು ಬಿಡುತ್ತದೆಯೇ, ಕುಕಿ ನೋಡಿ ನಿರ್ಧರಿಸಬಲ್ಲದೇ, ಬೇಕೆಂದಾಗ ಒಂದೇ ವಿಳಾಸದ ಪ್ರತಿಯನ್ನು ಅಳಿಸಬಹುದೇ.

ಇದಕ್ಕೆ ಮೊದಲು ಬಳಸುತ್ತಿದ್ದ ಬೇರೊಂದು ಕಂಪನಿಯ ಅಂಕಿಅಂಶದ ಪುಟದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕೋರಿಕೆಗಳು ಕ್ಯಾಶ್‌ನಿಂದಲೇ ಪೂರೈಕೆಯಾದಂತೆ ಕಾಣುತ್ತಿತ್ತು, ಆದರೂ ಅಮೆರಿಕದ ಓದುಗರು ಪುಟ ತಡವಾಗಿ ತೆರೆಯುತ್ತದೆ ಎಂದು ಬರೆಯುತ್ತಲೇ ಇದ್ದರು. ಒಂದು ಪುಟದ ಜೊತೆ ಹತ್ತಾರು ಚಿತ್ರ, ಫಾಂಟ್, ಶೈಲಿ ಕಡತಗಳು ಹೋಗುತ್ತವೆ. ಅವೆಲ್ಲ ಕ್ಯಾಶ್‌ನಿಂದ ಬಂದರೆ ಶೇಕಡಾವಾರು ಚೆನ್ನಾಗಿಯೇ ಕಾಣುತ್ತದೆ. ಎಲ್ಲಕ್ಕಿಂತ ಮೊದಲು ಬರಬೇಕಾದ ಎಚ್‌ಟಿಎಂಎಲ್ ಮಾತ್ರ ಪ್ರತಿ ಸಲವೂ ಮುಂಬೈಯಿಂದಲೇ ಬರುತ್ತಿತ್ತು. ಹಾಗಾಗಿ ಎಚ್‌ಟಿಎಂಎಲ್‌ನ ಲೆಕ್ಕವನ್ನು ಬೇರೆಯಾಗಿಯೇ ತೆಗೆದು ನೋಡಬೇಕು. ಕ್ಲೌಡ್‌ಫ್ಲೇರ್ ಕೂಡ ತಾನಾಗಿಯೇ ಎಚ್‌ಟಿಎಂಎಲ್ ಅನ್ನು ಕ್ಯಾಶ್ ಮಾಡುವುದಿಲ್ಲ. ಕಡತದ ಹೆಸರಿನ ಕೊನೆಯ ಭಾಗವನ್ನು ನೋಡಿ ಚಿತ್ರ, ಶೈಲಿ, ಸ್ಕ್ರಿಪ್ಟ್, ಫಾಂಟ್‌ನಂಥ ಕಡತಗಳನ್ನಷ್ಟೇ ಇಟ್ಟುಕೊಳ್ಳುತ್ತದೆ. ಪುಟಗಳಿಗೆ ನಾವೇ ನಿಯಮ ಬರೆಯಬೇಕು.

ನ್ಯೂಜೆರ್ಸಿಯ ಓದುಗರ ಉದಾಹರಣೆಯನ್ನೇ ನೋಡೋಣ. ಅಲ್ಲಿಂದ ಮುಂಬೈಗೆ ಸುಮಾರು 12,500 ಕಿಲೋಮೀಟರ್. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2,00,000 ಕಿಲೋಮೀಟರ್ ಸಾಗುವುದರಿಂದ ಹೋಗಿಬರಲು ಕನಿಷ್ಠ 125 ಮಿಲಿಸೆಕೆಂಡು ಬೇಕು. ಕೇಬಲ್‌ಗಳು ನೇರವಾಗಿ ಹೋಗದ ಕಾರಣ 200 ಎಂದು ಹಿಡಿಯುವುದು ಸರಿ. ಸಿಡಿಎನ್ ಇಲ್ಲದಿದ್ದರೆ ಸಂಪರ್ಕಕ್ಕೊಂದು, ಗೂಢಲಿಪಿಯ ಒಪ್ಪಂದಕ್ಕೊಂದು, ಪುಟಕ್ಕೊಂದು ಎಂದು ಮೂರು ಸುತ್ತು, ಅಂದರೆ 600 ಮಿಲಿಸೆಕೆಂಡು. ವರ್ಡ್‌ಪ್ರೆಸ್ ಪುಟವನ್ನು ಸಿದ್ಧಪಡಿಸುವ ಸಮಯ ಇದರ ಮೇಲೆ. ಸಿಡಿಎನ್ ಇದ್ದೂ ಪುಟ ಕ್ಯಾಶ್‌ನಲ್ಲಿ ಇಲ್ಲದಿದ್ದರೆ ಮೊದಲ ಎರಡು ಸುತ್ತು ಹತ್ತಿರದಲ್ಲೇ ಮುಗಿಯುತ್ತವೆ, ಮುಂಬೈಗೆ ಸಂಪರ್ಕ ಮೊದಲೇ ತೆರೆದಿದ್ದರೆ ಉಳಿಯುವುದು 200 ಮತ್ತು ವರ್ಡ್‌ಪ್ರೆಸ್‌ನ ಸಮಯ. ಪುಟ ಅಲ್ಲಿನ ಕ್ಯಾಶ್‌ನಲ್ಲಿಯೇ ಇದ್ದರೆ ಎಲ್ಲವೂ ಕೆಲವೇ ಹತ್ತು ಮಿಲಿಸೆಕೆಂಡುಗಳಲ್ಲಿ ಮುಗಿಯುತ್ತದೆ.

ಉಚಿತ ಯೋಜನೆಯಲ್ಲಿಯೇ ಸಿಗುವ `Tiered Cache` ಸೌಲಭ್ಯದ ಬಗ್ಗೆ ಒಂದು ತಪ್ಪು ನಿರೀಕ್ಷೆ ಸಾಮಾನ್ಯ. ಇದನ್ನು ಚಾಲೂ ಮಾಡಿದರೆ ಬೇರೆ ಬೇರೆ ನಗರಗಳ ಕೇಂದ್ರಗಳು ನೇರವಾಗಿ ನಮ್ಮ ಸರ್ವರಿಗೆ ಬರುವ ಬದಲು, ಅದಕ್ಕೆ ಸಮೀಪದ ಒಂದು ಮೇಲಿನ ಕೇಂದ್ರವನ್ನು ಕೇಳುತ್ತವೆ. ಹಾಗಾಗಿ ದುಬೈಯವರು ಓದಿದ ಕಥೆಯ ಪ್ರತಿ ಲಂಡನ್‌ನವರಿಗೂ ಒದಗುತ್ತದೆ ಮತ್ತು ವರ್ಡ್‌ಪ್ರೆಸ್‌ನ ಕೆಲಸ ತಪ್ಪುತ್ತದೆ. ಆದರೆ ಮೇಲಿನ ಕೇಂದ್ರವೂ ಮುಂಬೈಯ ಕಡೆಯೇ ಇರುವುದರಿಂದ, ಹಲವರು ನಿರೀಕ್ಷಿಸುವಂತೆ ದೂರ ಕಡಿಮೆಯಾಗುವುದಿಲ್ಲ. ನನ್ನ ಮಟ್ಟಿಗೆ ವರ್ಡ್‌ಪ್ರೆಸ್‌ನ ಸಮಯವೇ ದೊಡ್ಡದಾಗಿದ್ದ ಕಾರಣ ಇದರಿಂದ ದೊರೆತ ಲಾಭ ದೊಡ್ಡದೇ.

ಇನ್ನು ಏನನ್ನು ಕ್ಯಾಶ್ ಮಾಡಬೇಕು ಎಂಬ ಪ್ರಶ್ನೆ. ಹೆಸರಿನಲ್ಲಿಯೇ ಆವೃತ್ತಿಯ ಗುರುತಿರುವ ಫಾಂಟ್ ಮತ್ತು ಶೈಲಿ ಕಡತಗಳಿಗೆ ಒಂದು ವರ್ಷದ ಅವಧಿ ಕೊಟ್ಟರೆ ಮುಗಿಯಿತು. ಲೇಖನದ ಪುಟಗಳಿಗೆ ನಮ್ಮ ಸರ್ವರ್ ಈ ಸಾಲನ್ನು ಕಳಿಸುತ್ತದೆ:

```
Cache-Control: public, max-age=0, s-maxage=86400
```

ಸಿಡಿಎನ್ ಒಂದು ದಿನ ಇಟ್ಟುಕೊಳ್ಳಲಿ, ಬ್ರೌಸರ್ ಮಾತ್ರ ಪ್ರತಿ ಸಲ ಕೇಳಿಯೇ ತೋರಿಸಲಿ ಎಂಬುದು ಇದರ ಅರ್ಥ. ಸಿಡಿಎನ್‌ನಲ್ಲಿರುವ ಪ್ರತಿಯನ್ನು ನಾವು ಅಳಿಸಬಹುದು, ಓದುಗರ ಫೋನಿಗೆ ಇಳಿದ ಪ್ರತಿಯನ್ನು ಅಳಿಸುವ ದಾರಿ ನಮಗಿಲ್ಲ. ಇಲ್ಲೊಂದು ಎಚ್ಚರಿಕೆ ಬೇಕು: ಕ್ಲೌಡ್‌ಫ್ಲೇರ್‌ನ `Browser Cache TTL` ಮೊದಲಿಗೆ ನಾಲ್ಕು ಗಂಟೆಗೆ ಹೊಂದಿಸಿರುತ್ತದೆ ಮತ್ತು ನಾವು ಕಳಿಸಿದ ಕಡಿಮೆ ಅವಧಿಯನ್ನು ಮೀರುತ್ತದೆ. ಅದನ್ನು `Respect Existing Headers` ಎಂದು ಬದಲಿಸದಿದ್ದರೆ, ತಿದ್ದಿದ ಲೇಖನ ಕೆಲವರಿಗೆ ಗಂಟೆಗಟ್ಟಲೆ ಹಳೆಯದಾಗಿಯೇ ಕಾಣುತ್ತದೆ.

ಯಾರ ಪುಟವನ್ನು ಕ್ಯಾಶ್ ಮಾಡಬಾರದು ಎಂಬುದನ್ನು ಹೇಳುವ ನಿಯಮ ಇನ್ನೂ ಮುಖ್ಯ. ಇದಕ್ಕೆ ಹೊಂದುವ ಪುಟಗಳನ್ನಷ್ಟೇ ಕ್ಯಾಶ್ ಮಾಡಬೇಕು:

```
(not http.cookie contains "wordpress_logged_in"
 and not http.cookie contains "comment_author"
 and not starts_with(http.request.uri.path, "/wp-"))
```

ಸಂಪಾದಕರು ಲಾಗಿನ್ ಆಗಿರುವಾಗಿನ ಪುಟ ಎಲ್ಲರಿಗೂ ಹೋಗಬಾರದೆಂಬುದು ಎಲ್ಲರಿಗೂ ಹೊಳೆಯುತ್ತದೆ. ಎರಡನೆಯ ಸಾಲು ಹೊಳೆಯುವುದು ಕಡಿಮೆ. ಪ್ರತಿಕ್ರಿಯೆ ಬರೆಯುವಾಗ ತಮ್ಮ ವಿವರವನ್ನು ನೆನಪಿಟ್ಟುಕೊಳ್ಳಲು ಒಪ್ಪಿದವರ ಹೆಸರನ್ನೂ ಇಮೇಲನ್ನೂ ವರ್ಡ್‌ಪ್ರೆಸ್ ಮುಂದಿನ ಸಲ ಪುಟದಲ್ಲಿಯೇ ತುಂಬಿ ಕಳಿಸುತ್ತದೆ. ಆ ಪುಟ ಕ್ಯಾಶ್ ಆದರೆ ಒಬ್ಬರ ಇಮೇಲ್ ಅಪರಿಚಿತರಿಗೆ ಕಾಣುತ್ತದೆ. 2015ರ ಡಿಸೆಂಬರ್ 25ರಂದು ಸ್ಟೀಮ್ ಆಟದಂಗಡಿಯಲ್ಲಿ ಕ್ಯಾಶ್‌ನ ಹೊಂದಾಣಿಕೆ ತಪ್ಪಿ, ಒಬ್ಬರ ಖಾತೆಯ ಪುಟಗಳು ಇನ್ನೊಬ್ಬರಿಗೆ ಕಂಡದ್ದು ಇದೇ ಬಗೆಯ ದೋಷದಿಂದ.

ನಿಯಮ ಬರೆದ ಮೇಲೆ ಪರೀಕ್ಷಿಸಬೇಕು. ಸಾಧ್ಯವಿದ್ದರೆ ಬೇರೆ ದೇಶದಲ್ಲಿರುವ ಪರಿಚಿತರಿಂದಲೂ ಇದನ್ನು ಮಾಡಿಸಬೇಕು:

```
curl -so /dev/null -D - https://example.com/kathe/ \
 | grep -iE '^(age|cf-cache-status|cf-ray)'
```

`cf-cache-status` ಸಾಲಿನಲ್ಲಿ `HIT` ಎಂದರೆ ಕ್ಯಾಶ್‌ನಿಂದ ಬಂದಿದೆ. `age` ಅದು ಎಷ್ಟು ಸೆಕೆಂಡು ಹಳೆಯದೆಂದು ಹೇಳುತ್ತದೆ. `DYNAMIC` ಎಂದು ಬಂದರೆ ನಮ್ಮ ನಿಯಮ ಆ ಪುಟಕ್ಕೆ ತಗಲೇ ಇಲ್ಲ. `BYPASS` ಎಂದರೆ ಸಾಮಾನ್ಯವಾಗಿ ನಮ್ಮ ಸರ್ವರೇ ಬೇಡವೆಂದಿದೆ: ಯಾವುದೋ ಪ್ಲಗಿನ್ ಪಿಎಚ್‌ಪಿ ಸೆಷನ್ ತೆರೆದು ಕುಕಿ ಕಳಿಸುತ್ತಿರುತ್ತದೆ. ಉತ್ತರದ ಶೀರ್ಷಿಕೆಗಳಲ್ಲಿ 1981ರ ನವೆಂಬರ್ 19 ಎಂಬ `Expires` ದಿನಾಂಕ ಕಂಡರೆ ಅದು ಪಿಎಚ್‌ಪಿ ಸೆಷನ್ನಿನದೇ ಗುರುತು. ನಮ್ಮಲ್ಲಿ ಓದುಗರ ಮತಗಣನೆಯ ಒಂದು ಪ್ಲಗಿನ್ ತೆಗೆದ ಮೇಲೆಯೇ `HIT` ಬರಲಾರಂಭಿಸಿತು. `cf-ray` ಸಾಲಿನ ಕೊನೆಯ ಮೂರು ಅಕ್ಷರಗಳು ವಿಮಾನ ನಿಲ್ದಾಣದ ಸಂಕೇತ: `BLR` ಬೆಂಗಳೂರು, `DXB` ದುಬೈ. ಓದುಗರು ಯಾವ ಕೇಂದ್ರಕ್ಕೆ ಹೋಗುತ್ತಾರೆಂಬುದು ಅವರ ಇಂಟರ್‌ನೆಟ್ ಕಂಪನಿ ಮತ್ತು ಸಿಡಿಎನ್ ನಡುವಿನ ಜೋಡಣೆಯ ಮೇಲೆ ನಿಂತಿದೆ. ಊರಿನಲ್ಲಿಯೇ ಕೇಂದ್ರವಿದ್ದರೂ ಬೇರೆ ದೇಶದ ಕೇಂದ್ರದಿಂದ ಪುಟ ಬರುವುದುಂಟು. ಆಯ್ಕೆಗೆ ಮುಂಚೆ ನಕಾಶೆ ನೋಡುವುದಕ್ಕಿಂತ ಓದುಗರಿಂದ ಈ ಮೂರು ಅಕ್ಷರಗಳನ್ನು ತರಿಸಿಕೊಳ್ಳುವುದು ಹೆಚ್ಚು ಉಪಯುಕ್ತ.

ಫೇಸ್‌ಬುಕ್‌ನಲ್ಲಿ ಹಂಚಿದ ಕೊಂಡಿಗಳು ಇನ್ನೊಂದು ತೊಡಕು. ಒತ್ತಿದವರೆಲ್ಲರ ವಿಳಾಸದ ಕೊನೆಗೆ ಬೇರೆ ಬೇರೆ `fbclid` ಅಂಟಿಕೊಳ್ಳುತ್ತದೆ, ಹಾಗಾಗಿ ಒಂದೇ ಕಥೆ ಸಿಡಿಎನ್‌ಗೆ ನೂರು ಬೇರೆ ಪುಟಗಳಾಗಿ ಕಾಣುತ್ತದೆ. ಲೇಖನದ ಪುಟಗಳಿಗೆ ಪ್ರಶ್ನಾರ್ಥಕ ಚಿಹ್ನೆಯ ನಂತರದ ಭಾಗವನ್ನು ಲೆಕ್ಕಿಸದಂತೆ ಮಾಡುವುದು ಇದಕ್ಕೆ ಪರಿಹಾರ. ಇದನ್ನು ಇಡೀ ತಾಣಕ್ಕೆ ಅನ್ವಯಿಸಬಾರದು. ವರ್ಡ್‌ಪ್ರೆಸ್‌ನ ಹುಡುಕಾಟ `?s=` ಮೂಲಕವೇ ನಡೆಯುವುದರಿಂದ, ಹಾಗೆ ಮಾಡಿದರೆ ಏನು ಹುಡುಕಿದರೂ ಮುಖಪುಟವೇ ಎದುರಾಗುತ್ತದೆ.

ಹೊಸ ಲೇಖನ ಪ್ರಕಟವಾದಾಗ ಅದರ ವಿಳಾಸ, ಮುಖಪುಟ, ಅದರ ವಿಭಾಗದ ಪುಟ ಮತ್ತು ಆರ್‌ಎಸ್‌ಎಸ್ ಕಡತ, ಇವಿಷ್ಟನ್ನೇ ಪ್ಲಗಿನ್ ಮೂಲಕ ಅಳಿಸುತ್ತೇನೆ. ಎಲ್ಲವನ್ನೂ ಒಮ್ಮೆಗೇ ಅಳಿಸಿದರೆ ದೂರದ ಕೇಂದ್ರಗಳಲ್ಲಿ ಕಷ್ಟಪಟ್ಟು ಕೂಡಿದ ಹಳೆಯ ಕಥೆಗಳೂ ಹೋಗುತ್ತವೆ. ನಾಲ್ಕೂವರೆ ನಕ್ಷತ್ರ ಕೊಡುತ್ತೇನೆ. ಉಳಿದ ಅರ್ಧವನ್ನು ಹಿಡಿದಿಟ್ಟಿರುವುದು ಒಂದು ಮಿತಿಗಾಗಿ: ವಿಡಿಯೊ ಮತ್ತಿತರ ದೊಡ್ಡ ಕಡತಗಳನ್ನು ಉಚಿತ ಸಿಡಿಎನ್ ಮೂಲಕ ಹೆಚ್ಚಾಗಿ ಹಂಚಲು ಅದರ ಷರತ್ತುಗಳು ಬಿಡುವುದಿಲ್ಲ. ನಮ್ಮ ಕಥಾವಾಚನದ ಧ್ವನಿ ಕಡತಗಳನ್ನು ಹಾಗಾಗಿ ಪ್ರತ್ಯೇಕ ಸಂಗ್ರಹಣಾ ಸೇವೆಯಲ್ಲಿಟ್ಟಿದ್ದೇನೆ.