ಸೀಗಡಿ, ಏಡಿ, ಸ್ಕ್ವಿಡ್: ಕೆಜಿ ನೋಡಿ ಮೋಸ ಹೋಗ್ಬೇಡ್ರಿ

ಪ್ರೋಟೀನ್‌ಗೆ ಅಂತ ತಗೊಳ್ಳೋರು ಚಿಪ್ಪು ತೆಗೆದ ಮೇಲಿನ ತೂಕ ನೋಡ್ರಿ. 100 ಗ್ರಾಂ ಹಸಿ ಮಾಂಸದಾಗ ಸೀಗಡಿ ಸುಮಾರು 20 ಗ್ರಾಂ ಪ್ರೋಟೀನ್, ಏಡಿ 18, ಸ್ಕ್ವಿಡ್ 15-16. ಕೊಬ್ಬು ಮೂರರಾಗೂ ಒಂದು, ಒಂದೂವರೆ ಗ್ರಾಂ ಅಷ್ಟೇ, ಅದಕ್ಕ ತಲೆ ಕೆಡಿಸ್ಕೊಬ್ಯಾಡ್ರಿ, ಕರಿಯೋ ಎಣ್ಣೆನೇ ಅದಕ್ಕಿಂತ ಜಾಸ್ತಿ ಆಗ್ತದ.

ಹೋದ ತಿಂಗಳು ಬಳ್ಳಾರಿ ಮಾರ್ಕೆಟ್‌ನಾಗ ಮೂರೂ ಒಂದೊಂದು ಕೆಜಿ ತಂದು ಮನ್ಯಾಗ ಕ್ಲೀನ್ ಮಾಡಿ ತೂಗಿದ್ವಿ. ಸೀಗಡಿ ತಲೆ, ಸಿಪ್ಪೆ, ಬೆನ್ನಿನ ಕರಿ ದಾರ ತೆಗೆದ್ರ 520 ಗ್ರಾಂ ಉಳೀತು. ಏಡಿ ಬೇಯಿಸಿ, ಕಾಲು ಒಡೆದು, ಕಡ್ಡಿ ಹಾಕಿ ಕೆದರಿ ಕೆದರಿ ಅರ್ಧ ಗಂಟೆ ಕುಂತ್ರೂ 270 ಗ್ರಾಂ, ಉಳಿದಿದ್ದೆಲ್ಲ ಚಿಪ್ಪು, ನೀರು. ಸ್ಕ್ವಿಡ್‌ನಾಗ ಒಳಗಿನ ಪ್ಲಾಸ್ಟಿಕ್ ಥರದ ಕಡ್ಡಿ, ಮಸಿ ಚೀಲ, ಕರುಳು ಹೋಗಿ 720 ಗ್ರಾಂ.

ಅಂದ್ರ ಕೊಂಡ ಒಂದು ಕೆಜಿಗೆ ಸ್ಕ್ವಿಡ್ ಸುಮಾರು 110 ಗ್ರಾಂ ಪ್ರೋಟೀನ್, ಸೀಗಡಿ 100ರ ಆಸುಪಾಸು, ಏಡಿ 50ರ ಒಳಗ! 100 ಗ್ರಾಂ ಲೆಕ್ಕದಾಗ ಕೊನೇಲಿದ್ದ ಸ್ಕ್ವಿಡ್ ಮುಂದ ಬಂತು.

ನಾನಾದ್ರ ರುಚಿಗೆ ಏಡಿ ತರ್ತೀನಿ, ಪ್ರೋಟೀನ್ ಲೆಕ್ಕಕ್ಕ ಅಲ್ಲ, ಅದರ ರೇಟು ಸೀಗಡಿ ರೇಟಿನ ಅರ್ಧಕ್ಕಿಂತ ಕಡಿಮೆ ಇದ್ರ ಮಾತ್ರ ಲೆಕ್ಕಕ್ಕೂ ಗಿಟ್ಟತದ. ಸಿಪ್ಪೆ ತೆಗೆದ ಸೀಗಡಿ ಸಿಕ್ರ ದುಪ್ಪಟ್ಟು ರೇಟು ಹೇಳಿದ್ರೂ ತುಟ್ಟಿ ಅನ್ಕೊಬ್ಯಾಡ್ರಿ, ಬರೀ ಐಸ್ ಕರಗಿಸಿ ತೂಗ್ಸಿರಿ.