‘ಅವಳು’ ಬಿಡುವುದೋ, ಕ್ರಿಯಾಪದ ಕೂಡಿಸುವುದೋ?

ಕಾರವಾರದ ಮೀನುಮಾರುಕಟ್ಟೆಯ ಬಗ್ಗೆ ಬರೆದ ಸಾಲುಗಳು ಹೀಗಿವೆ ಎಂದುಕೊಳ್ಳಿ: “ಸಾವಿತ್ರಿ ನಸುಕಿನಲ್ಲಿ ಬೈತಖೋಲ ಬಂದರಿಗೆ ಹೋದಳು. ಅವಳು ಚೌಕಾಸಿ ಮಾಡಿದಳು. ಅವಳು ಬಂಗಡೆ ಕೊಂಡಳು. ಅವಳು ಮಗನಿಗಾಗಿ ಕಾದಳು. ಅವನು ಬರಲಿಲ್ಲ.”

ವಾಕ್ಯದ ಮೇಲೆ ವಾಕ್ಯ ‘ಅವಳು’ ಎಂದೇ ಶುರುವಾಗಿ ಬೇಸರ ತರಿಸುತ್ತದೆ. ಇದನ್ನು ಸರಿಪಡಿಸುವ ಮೊದಲ ದಾರಿ, ‘ಅವಳು’ ಎಂಬುದನ್ನು ಅಳಿಸುವುದು. ‘ಕೊಂಡಳು’ ಎಂದೊಡನೆ ಕೊಂಡದ್ದು ಒಬ್ಬ ಹೆಂಗಸು ಎಂದು ತಿಳಿಯುತ್ತದೆ. ಸರ್ವನಾಮ ಅಲ್ಲಿ ಬರಿಯ ಭಾರ. ಆದರೆ ‘ಬರಲಿಲ್ಲ’ ಎಂಬ ರೂಪ ನಾನು, ಅವಳು, ಅವರು ಎಲ್ಲರಿಗೂ ಒಂದೇ. ಅಲ್ಲಿ ‘ಅವನು’ ಅಳಿಸಿದರೆ ಬಾರದವರು ಯಾರೆಂದು ಓದುಗ ಊಹಿಸಬೇಕಾಗುತ್ತದೆ. ಕಥೆಯಲ್ಲಿ ಇಬ್ಬರು ಹೆಂಗಸರಿದ್ದರೆ ‘ಕೊಂಡಳು’ ಕೂಡ ಸಾಲದು, ಹೆಸರು ಬೇಕು.

ಎರಡನೆಯದು ಕೂಡಿಸುವುದು: “ಬಂದರಿಗೆ ಹೋಗಿ, ಚೌಕಾಸಿ ಮಾಡಿ, ಬಂಗಡೆ ಕೊಂಡು ಕಾದಳು.” ಕರ್ತೃ ಒಬ್ಬರೇ ಆಗಿರುವಾಗ ಇದು ಸಲೀಸು. ತೊಂದರೆಯೆಂದರೆ ತೂಕವೆಲ್ಲ ಕೊನೆಯ ಕ್ರಿಯಾಪದಕ್ಕೆ ಹೋಗುತ್ತದೆ. ನಿಮಗೆ ಮುಖ್ಯವಾದದ್ದು ಚೌಕಾಸಿಯಾಗಿದ್ದರೆ ಅದು ನಡುವೆ ಮುಳುಗಿಹೋಯಿತು!

ಕಾಲ, ಸ್ಥಳಗಳನ್ನು ಮುಂದೆ ತರುವ ಮೂರನೆಯ ಉಪಾಯವನ್ನು ಮಿತವಾಗಿ ಬಳಸಿ. ಎಲ್ಲ ವಾಕ್ಯಗಳೂ ‘ಆಮೇಲೆ’ ಎಂದು ಶುರುವಾದರೆ ರೋಗ ಬದಲಾಯಿತಷ್ಟೇ.

ನನ್ನ ಆಯ್ಕೆ: ಮೊದಲು ಅಳಿಸಿ, ಸಣ್ಣ ಕೆಲಸಗಳನ್ನಷ್ಟೇ ಕೂಡಿಸಿ. “ನಸುಕಿನಲ್ಲೇ ಸಾವಿತ್ರಿ ಬೈತಖೋಲ ಬಂದರಿಗೆ ಹೋದಳು. ಬಿಡದೆ ಚೌಕಾಸಿ ಮಾಡಿದಳು. ಬಂಗಡೆ ಕೊಂಡು ಮಗನಿಗಾಗಿ ಕಾದಳು. ಅವನು ಬರಲಿಲ್ಲ.” ಇಲ್ಲಿ ಉಳಿದ ಒಂದೇ ಸರ್ವನಾಮ ‘ಅವನು’, ಅದನ್ನು ಮುಟ್ಟಬೇಡಿ.