ಬಿಲ್ಲಲ್ಲಿ ಇನ್ಶೂರೆನ್ಸ್ ಅಂತ ದುಡ್ಡು ಹಿಡಿದಿದ್ರು, ಪಾಲಿಸಿಲಿ ನನ್ನ ಮೆಷಿನ್ನೇ ಇರ್ಲಿಲ್ಲ

ಶಿವಮೊಗ್ಗದಲ್ಲಿ ನಂದೊಂದು ಸಣ್ಣ ಬ್ಲೌಸ್ ಹೊಲಿಯೋ ಅಂಗಡಿ. ನಾನು, ಜೊತೆಗೊಬ್ಳು ಹುಡುಗಿ, ಅಷ್ಟೇ. ಮದುವೆ ಸೀಸನ್‌ಗೆ ಮುಂಚೆ ಕಂಪ್ಯೂಟರ್ ಎಂಬ್ರಾಯ್ಡರಿ ಮೆಷಿನ್ ಒಂದು ತಗೊಳ್ಳೋಣ ಅಂತ ಸೂರತ್‌ನ ಒಬ್ಬ ಡೀಲರ್ ಹತ್ರ ಫೋನಲ್ಲೇ ಮಾತಾಡಿ ದುಡ್ಡು ಹಾಕ್ದೆ. ಮೆಷಿನ್‌ಗೆ ಟ್ಯಾಕ್ಸ್ ಸೇರಿ 72,000, ಸಾಗಣೆ ಬಾಡಿಗೆ ಅಂದ್ರೆ ಫ್ರೈಟ್ 1,640, ಇನ್ಶೂರೆನ್ಸ್ 620, ಒಟ್ಟು 74,260. ಆ 620 ರೂಪಾಯಿ ಲೈನ್ ನೋಡಿ ಧೈರ್ಯವಾಗಿದ್ದೆ ನಾನು, ಏನಾದ್ರೂ ಆದ್ರೆ ಇನ್ಶೂರೆನ್ಸ್ ಇದ್ಯಲ್ಲ ಅಂತ. ಆ ಧೈರ್ಯದಿಂದಲೇ ಮುಂದೆ ನಾಲ್ಕು ತಿಂಗಳು ತಪ್ಪು ಬಾಗಿಲು ತಟ್ಟಿದ್ದು.

ಆಗಸ್ಟ್ 11ಕ್ಕೆ ಬುಕ್ ಆಯ್ತು, 19ಕ್ಕೆ ಬಂತು. ಡೆಲಿವರಿ ಹುಡುಗ ಡಬ್ಬ ಇಳಿಸ್ದ, ಒಂದು ಮೂಲೆ ಒಳಗೆ ಕುಸಿದಿತ್ತು, ಟೇಪ್ ಮೇಲೆ ಇನ್ನೊಂದು ಟೇಪ್ ಸುತ್ತಿದ್ರು. "ಅಕ್ಕ ಓಟಿಪಿ ಹೇಳಿ, ಇನ್ನೂ ಹದಿನೈದು ಪಾರ್ಸೆಲ್ ಇದೆ" ಅಂದ. ಹೇಳ್ಬಿಟ್ಟೆ. ಅವನ ಫೋನಲ್ಲಿ ಬೆರಳಲ್ಲಿ ಸೈನೂ ಹಾಕ್ದೆ. ಆಮೇಲೆ ಪಿಒಡಿ, ಅಂದ್ರೆ ಡೆಲಿವರಿ ಆಯ್ತು ಅನ್ನೋ ಪುರಾವೆಯ ಕಾಪಿ ತರಿಸಿ ನೋಡಿದ್ರೆ ಸೈನ್ ಮೇಲೆ "ಸರಕು ಸುಸ್ಥಿತಿಯಲ್ಲಿ ತಲುಪಿದೆ" ಅನ್ನೋ ಅರ್ಥದ ಒಂದು ಸಾಲು ಇಂಗ್ಲಿಷಲ್ಲಿ ಪ್ರಿಂಟ್ ಆಗಿತ್ತು. ಕೊರಿಯರ್‌ನವ್ರು ಕೊನೇವರೆಗೂ ಅದನ್ನೇ ಹಿಡ್ಕೊಂಡು ಕೂತ್ರು. ಓಟಿಪಿ ಕೊಡೋಕ್ ಮುಂಚೆ ಡಬ್ಬದ ಫೋಟೋ ತೆಗೆದು, ರಿಮಾರ್ಕ್ ಜಾಗದಲ್ಲಿ "ಮೂಲೆ ಜಜ್ಜಿದೆ, ಒಳಗೆ ನೋಡಿಲ್ಲ" ಅಂತ ಹಾಕಿಸ್ಬೇಕಿತ್ತು, ಅವನು ಆಗಲ್ಲ ಅಂದಿದ್ರೆ ಅಲ್ಲೇ ನಿಂತು ಅದನ್ನೇ ಅವರ ಮೇಲ್‌ಗೆ ಕಳಿಸ್ಬೇಕಿತ್ತು.

ಬಿಚ್ಚಿದ್ರೆ ಹೂಪ್ ಹಿಡಿಯೋ ತೋಳು ಬುಡದಲ್ಲೇ ಬಿರುಕು ಬಿಟ್ಟಿತ್ತು, ನೀಡಲ್ ಬಾರ್ ಕಡೆ ಫ್ರೇಮ್ ಬಾಗಿತ್ತು. ಇಷ್ಟು ಭಾರದ ಮೆಷಿನ್‌ಗೆ ಮರದ ಕ್ರೇಟ್ ಇಲ್ಲ, ಬರೀ ರಟ್ಟಿನ ಡಬ್ಬ, ನಾಲ್ಕು ಮೂಲೆಗೆ ಥರ್ಮಕೋಲು. ನಾನು ಮಾಡಿದ ದಡ್ಡತನ ಕೇಳಿ. ಮಾರನೇ ದಿನ ಬೆಳಿಗ್ಗೆ ಕಸದ ಗಾಡಿ ಹಾಡು ಹಾಕ್ಕೊಂಡು ಬಂತು, ಥರ್ಮಕೋಲ್ ಎಲ್ಲಾ ಕೊಟ್ಟು ಕಳಿಸ್ದೆ. ಪುಣ್ಯಕ್ಕೆ ನಮ್ಮಕ್ಕನ ಮಗಳು ರೀಲ್ಸ್‌ಗೆ ಅಂತ ಬಿಚ್ಚೋದನ್ನ ಪೂರ್ತಿ ವಿಡಿಯೋ ಮಾಡಿದ್ಳು. ಕೊನೆಗೆ ಉಳಿದ ಸಾಕ್ಷಿ ಅದೊಂದೇ.

ಈಗ ಯಾರನ್ನ ಹಿಡ್ಕೋಬೇಕು? ಡೀಲರ್‌ಗೆ ಫೋನ್ ಮಾಡಿದ್ರೆ, ಮಾಲು ಗೋಡೌನ್ ಬಿಟ್ಮೇಲೆ ನಮ್ಮ ಜವಾಬ್ದಾರಿ ಮುಗೀತು ಮೇಡಂ, ಕೊರಿಯರ್‌ನವ್ರನ್ನ ಕೇಳಿ ಅಂತ ಹಿಂದಿಲಿ ಸಕ್ಕರೆ ಹಾಗೆ ಹೇಳ್ದ. ಕೊರಿಯರ್ ಬ್ರಾಂಚ್‌ಗೆ ಹೋದ್ರೆ, ಬುಕ್ ಮಾಡಿದ್ದು ಅವ್ರು, ಕ್ಲೈಮ್ ಅವ್ರೇ ಹಾಕ್ಬೇಕು, ಅದೂ "ಓನರ್ಸ್ ರಿಸ್ಕ್" ಬುಕಿಂಗು, ಅಂದ್ರೆ ಒಡೆದ್ರೆ ನಷ್ಟ ಮಾಲಿನವ್ರದ್ದೇ, 5,000ದ ಮೇಲೆ ಒಂದು ರೂಪಾಯೀನೂ ಬರಲ್ಲ ಅಂದ್ರು. ಇನ್ಶೂರೆನ್ಸ್ ಯಾರದ್ದು ಅನ್ನೋದೇ ನಂಗೆ ಗೊತ್ತಿಲ್ಲ. ಮೂರು ಜನರ ಮಧ್ಯೆ ಚೆಂಡಾಗೋದೆ ನಾನು.

ಡಬ್ಬ ಒಡೆದಿದ್ದು ಲಾರಿಲಿ ತಾನೇ ಅಂತ ನಾನು ಕೊರಿಯರ್ ಹಿಂದೆ ಬಿದ್ದೆ. ತಿಂಗಳಿಗೆ ನಾಲ್ಕು ಸಲ ಬ್ರಾಂಚ್‌ಗೆ, ದಿನಕ್ಕೊಂದು ಕಂಪ್ಲೇಂಟ್ ನಂಬರ್ರು. ಡಿಸೆಂಬರ್‌ನಲ್ಲಿ ಒಂದು ಕಾಗದ ತಂದ್ರು, 5,000 ತಗೊಳ್ಳಿ, ಇಲ್ಲಿ ಸೈನ್ ಮಾಡಿ ಅಂತ. ಪೆನ್ನು ಕೈಲಿತ್ತು. ಕೊನೇ ಸಾಲಲ್ಲಿ ಇದಕ್ಕೆ ಸಂಬಂಧಪಟ್ಟ ಎಲ್ಲಾ ಹಕ್ಕು ಬಿಟ್ಟುಕೊಟ್ಟಿದ್ದೇನೆ, ಫುಲ್ ಅಂಡ್ ಫೈನಲ್ ಅಂತಿತ್ತು. ನಾಳೆ ಹೇಳ್ತೀನಿ ಅಂತ ಎದ್ದು ಬಂದೆ, ಗಿರಾಕಿಯೊಬ್ರ ಮಗ ಲಾಯರ್ರು, ಅವ್ರಿಗೆ ಎಲ್ಲಾ ಪೇಪರ್ ತೋರಿಸ್ದೆ.

ಅವ್ರು ಮೊದಲು ಕೇಳಿದ್ದು ಬುಕಿಂಗ್ ದಿನ ಯಾವುದು ಅಂತ. ಸರಕು ಸಾಗಿಸೋರಿಗೆ 2007ರ ಕ್ಯಾರೇಜ್ ಬೈ ರೋಡ್ ಕಾಯ್ದೆ ಇದ್ಯಂತೆ, ಮನೆ ಬಾಗಿಲಿಗೆ ತಲುಪಿಸೋ ಕೊರಿಯರ್‌ನವ್ರೂ ಅದರೊಳಗೇ ಬರ್ತಾರೆ. ಅದರ 16ನೇ ಸೆಕ್ಷನ್ ಪ್ರಕಾರ ಡ್ಯಾಮೇಜ್ ಬಗ್ಗೆ ಬರವಣಿಗೆಲಿ ನೋಟಿಸ್ ಕೊಡದೆ ಅವ್ರ ಮೇಲೆ ಕೇಸ್ ಹಾಕೋಕಾಗಲ್ಲ, ಆ ನೋಟಿಸ್ ಬುಕಿಂಗ್ ಆದ ದಿನದಿಂದ 180 ದಿನದೊಳಗೆ ಅವ್ರಿಗೆ ಮುಟ್ಟಿರ್ಬೇಕು. ಗಮನಿಸಿ, ಡೆಲಿವರಿ ದಿನದಿಂದ ಅಲ್ಲ. ನಂದು ಆಗಸ್ಟ್ 11ರ ಬುಕಿಂಗ್, ಅಂದ್ರೆ ಫೆಬ್ರವರಿ 7ಕ್ಕೆ ಮುಗೀತಿತ್ತು. ನಾನು ಕಸ್ಟಮರ್ ಕೇರ್‌ಗೆ ಮಾಡಿದ ಅಷ್ಟೂ ಫೋನು ಈ ಲೆಕ್ಕಕ್ಕೆ ಬರಲ್ಲ. ಕೂಡ್ಲೇ ಬರೆಯಿರಿ ಅಂದ್ರೂ ಪೇಪರ್ ಜೋಡಿಸೋದ್ರಲ್ಲಿ ಹಬ್ಬ ಹುಣ್ಣಿಮೆ ಅಂತ ಎಳೆದು ಜನವರಿ 29ಕ್ಕೆ ಸ್ಪೀಡ್ ಪೋಸ್ಟ್ ಮಾಡ್ದೆ, 3ನೇ ತಾರೀಕು ಮುಟ್ತು. ನಾಲ್ಕು ದಿನ ಉಳಿದಿತ್ತು!

ಆಮೇಲೆ ಅವ್ರು ಕ್ಯಾಲ್ಕುಲೇಟರ್ ತೆಗೆದ್ರು. ಡಬ್ಬ ಒಡೆದಿದ್ದು ಕೊರಿಯರ್‌ನವ್ರ ಅಜಾಗರೂಕತೆಯಿಂದ ಅಂತ ನಾವು ಸಾಬೀತು ಮಾಡೋ ಭಾರ ಇಲ್ಲ, ಆ ಮಟ್ಟಿಗೆ ಕಾಯ್ದೆ ನಮ್ಮ ಕಡೆ. ಆದ್ರೆ ಬುಕಿಂಗ್ ಮಾಡೋವಾಗ ಹೆಚ್ಚಿನ ರಿಸ್ಕ್ ದರ ಕಟ್ಟಿಲ್ಲ ಅಂದ್ರೆ ಕೊರಿಯರ್‌ನವ್ರ ಹೊಣೆ ಫ್ರೈಟ್‌ನ ಹತ್ತು ಪಟ್ಟಿಗೆ ನಿಲ್ಲುತ್ತೆ. ನನ್ನ ಫ್ರೈಟ್ 1,640, ಹತ್ತು ಪಟ್ಟು ಅಂದ್ರೆ 16,400. ರಿಪೇರಿ ಎಸ್ಟಿಮೇಟ್ 31,400. ಅಂದ್ರೆ ಕೊರಿಯರ್ ಮೇಲೆ ಪೂರ್ತಿ ಗೆದ್ರೂ ಅರ್ಧ ಚಿಲ್ಲರೆ ಸಿಗೋದು, ಅದಕ್ಕೂ ಅವ್ರು ಪ್ಯಾಕಿಂಗ್ ಸರಿ ಇರ್ಲಿಲ್ಲ ಅಂತ ಜಗಳ ತೆಗೀತಾರೆ. ನಾಲ್ಕು ತಿಂಗಳು ನಾನು ಓಡಾಡಿದ್ದು ಇಷ್ಟಕ್ಕೆ. ಕೊರಿಯರ್ ಬುಕಿಂಗ್ ರಸೀದಿ, ಅಂದ್ರೆ ವೇಬಿಲ್ ಮೇಲೆ ಓನರ್ಸ್ ರಿಸ್ಕಾ ಕ್ಯಾರಿಯರ್ಸ್ ರಿಸ್ಕಾ ಅಂತ ಟಿಕ್ ಇರುತ್ತೆ, ಮೊದಲ ದಿನವೇ ಅದನ್ನ ನೋಡಿ ಫ್ರೈಟ್‌ನ ಹತ್ತರಿಂದ ಗುಣಿಸಿದ್ರೆ ಕೊರಿಯರ್ ಹಿಂದೆ ಎಷ್ಟು ಚಪ್ಪಲಿ ಸವೆಸ್ಬಹುದು ಅಂತ ಅಲ್ಲೇ ಗೊತ್ತಾಗ್ತಿತ್ತು.

ಹಾಗಾದ್ರೆ ಇನ್ಶೂರೆನ್ಸು? ಡೀಲರ್‌ಗೆ ಸರ್ಟಿಫಿಕೇಟ್ ಕಳಿಸಿ ಅಂತ ಮೇಲ್ ಹಾಕ್ದೆ. ಮೂರು ಸಲ ಕೇಳಿದ್ಮೇಲೆ ಪಾಲಿಸಿಯ ಮೊದಲ ಪುಟದ ಫೋಟೋ ಬಂತು. ಅದು ಓಪನ್ ಪಾಲಿಸಿ. ಅಂದ್ರೆ ವರ್ಷಕ್ಕೆ ಒಂದು ಪಾಲಿಸಿ ಮಾಡಿಸಿಟ್ಟು, ಪ್ರತಿ ಸಲ ಮಾಲು ಕಳಿಸಿದಾಗ ಯಾವ ಬಿಲ್ಲು, ಎಷ್ಟು ಬೆಲೆ, ಎಲ್ಲಿಗೆ ಅಂತ ಇನ್ಶೂರೆನ್ಸ್ ಕಂಪನಿಗೆ ಡಿಕ್ಲರೇಶನ್ ಕೊಡ್ತಾ ಹೋಗ್ಬೇಕು. ನಾನು ಪಾಲಿಸಿ ನಂಬರ್, ಬಿಲ್ ನಂಬರ್ ಹಾಕಿ ನೇರವಾಗಿ ಕಂಪನಿಗೆ ಬರೆದೆ. ಒಂದು ವಾರಕ್ಕೆ ಎರಡು ಸಾಲಿನ ಉತ್ತರ, ಆಗಸ್ಟ್ ಡಿಕ್ಲರೇಶನ್‌ನಲ್ಲಿ ಈ ಬಿಲ್ಲು ಇಲ್ಲ, ಹಾಗಾಗಿ ಕವರ್ ಇಲ್ಲ. ನನ್ನ ಹತ್ರ 620 ಇಸ್ಕೊಂಡ ಮನುಷ್ಯ ಅದನ್ನ ಕಂಪನಿಗೆ ಹೇಳೇ ಇಲ್ಲ! ಸಿಟ್ಟಿಗೆ ಆ ರಾತ್ರಿ ನಿದ್ದೆ ಬರ್ಲಿಲ್ಲ, ಆದ್ರೆ ಇಡೀ ಕೇಸು ತಿರುಗಿದ್ದು ಆ ಎರಡು ಸಾಲಿಂದಲೇ.

ಒಂದ್ವೇಳೆ ಡಿಕ್ಲೇರ್ ಮಾಡಿದ್ರೂ ನಂಗೆ ಸಿಗ್ತಿತ್ತಾ ಅಂದ್ರೆ, ಅದೂ ಕಷ್ಟವೇ ಇತ್ತು. ದೇಶದೊಳಗೆ ಸಾಗಿಸೋ ಮಾಲಿನ ಪಾಲಿಸಿಗೆ ಇನ್‌ಲ್ಯಾಂಡ್ ಟ್ರಾನ್ಸಿಟ್ ಕ್ಲಾಜ್ ಅಂತ ಷರತ್ತು, ಅದರಲ್ಲಿ ಎ, ಬಿ, ಸಿ ಅಂತ ಇರುತ್ತೆ. ಎ ಆದ್ರೆ ಎತ್ತಿ ಹಾಕಿ ಒಡೆದಿದ್ದಕ್ಕೂ ಬರುತ್ತೆ, ಬಿ ಆದ್ರೆ ಬೆಂಕಿ, ಗಾಡಿ ಡಿಕ್ಕಿ, ಪಲ್ಟಿ ಇಂಥದ್ದಕ್ಕೆ ಮಾತ್ರ. ಎ ಇದ್ರೂ ಪ್ಯಾಕಿಂಗ್ ಸಾಲದು ಅಂದ್ರೆ ಹೊರಗೆ. ನಷ್ಟ ನೋಡೋಕೆ ಇನ್ಶೂರೆನ್ಸ್‌ನವ್ರ ಸರ್ವೇಯರ್ ಬರೋವರೆಗೆ ಮೆಷಿನ್ನೂ ಮುಟ್ಟಬಾರ್ದು, ಡಬ್ಬಾನೂ ಬಿಸಾಡಬಾರ್ದು. ಜೊತೆಗೆ ಕೊರಿಯರ್‌ನವ್ರಿಂದ ಸಿಒಎಫ್, ಅಂದ್ರೆ ಮಾಲು ಒಡೆದು ತಲುಪಿದೆ ಅಂತ ಅವ್ರೇ ಬರೆದುಕೊಡೋ ಸರ್ಟಿಫಿಕೇಟ್ ಆಫ್ ಫ್ಯಾಕ್ಟ್ಸ್, ಮತ್ತೆ ನಾವು ಕೊರಿಯರ್ ಮೇಲೆ ಹಾಕಿದ ಕ್ಲೈಮ್ ಲೆಟರ್ ಕಾಪಿ ಕೇಳ್ತಾರೆ. ಯಾಕಂದ್ರೆ ನಮಗೆ ದುಡ್ಡು ಕೊಟ್ಮೇಲೆ ಇನ್ಶೂರೆನ್ಸ್‌ನವ್ರು ಕೊರಿಯರ್ ಹತ್ರ ವಸೂಲಿಗೆ ಹೋಗ್ತಾರೆ, ಆ 180 ದಿನ ನಾವು ಕಳೆದುಬಿಟ್ಟಿದ್ರೆ ಅವ್ರ ದಾರಿನೂ ಮುಚ್ಚುತ್ತೆ, ಅದನ್ನೇ ನೆಪ ಮಾಡಿ ನಮ್ಮ ಕ್ಲೈಮ್ ಕಡಿಮೆ ಮಾಡ್ತಾರೆ. ಅದಕ್ಕೇ ಇನ್ಶೂರೆನ್ಸ್ ಗಟ್ಟಿ ಇದ್ರೂ ಕೊರಿಯರ್‌ಗೆ ನೋಟಿಸ್ ಕೊಡೋದನ್ನ ತಪ್ಪಿಸ್ಬೇಡಿ.

ಉಳಿದಿದ್ದು ಡೀಲರ್ರು. ಗೋಡೌನ್ ಬಿಟ್ಮೇಲೆ ನಮ್ಮದಲ್ಲ ಅನ್ನೋ ಅವನ ಮಾತು ಪೂರ್ತಿ ಸುಳ್ಳೇನಲ್ಲ. 1930ರ ಸರಕು ಮಾರಾಟ ಕಾಯ್ದೆಯ 39ನೇ ಸೆಕ್ಷನ್‌ನಲ್ಲಿ, ಕೊಂಡವರಿಗೆ ತಲುಪಿಸೋಕೆ ಅಂತ ಸಾಗಣೆದಾರರ ಕೈಗೆ ಕೊಟ್ರೆ ಮೇಲ್ನೋಟಕ್ಕೆ ಕೊಂಡವರ ಕೈಗೇ ಕೊಟ್ಟ ಹಾಗೆ ಅಂತಿದೆ. ಆದ್ರೆ ಅದೇ ಸೆಕ್ಷನ್‌ನ ಎರಡನೇ ಭಾಗ ಅವನು ಹೇಳಲ್ಲ. ಮಾಲಿನ ಸ್ವಭಾವ ನೋಡಿ ಸರಿಯಾದ ಷರತ್ತಿನಲ್ಲಿ ಬುಕ್ ಮಾಡೋದು ಮಾರಿದವನ ಕೆಲ್ಸ, ಮಾಡದೆ ದಾರಿಲಿ ಹಾಳಾದ್ರೆ ಅದು ನನ್ನ ಕೈಗೆ ಬಂದಿದ್ದು ಅಂತ ನಾನು ಒಪ್ಪಬೇಕಿಲ್ಲ, ಇಲ್ಲಾ ಅವನೇ ನಷ್ಟ ಕೊಡ್ಬೇಕು. 72,000ದ ಮೆಷಿನ್ನ ಓನರ್ಸ್ ರಿಸ್ಕ್‌ನಲ್ಲಿ, ರಟ್ಟಿನ ಡಬ್ಬದಲ್ಲಿ, ಇನ್ಶೂರೆನ್ಸ್ ದುಡ್ಡು ಇಸ್ಕೊಂಡೂ ಇನ್ಶೂರ್ ಮಾಡದೆ ಕಳಿಸಿದ್ದಾನೆ. ಮೂರೂ ಅವನ ತಲೆಗೇ.

ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟೆ, ಅವನು ಉತ್ತರ ಕೊಡ್ಲಿಲ್ಲ. ಆಮೇಲೆ ಲೀಗಲ್ ನೋಟಿಸು, ಅದಕ್ಕೂ ಇಲ್ಲ. ಕೊನೆಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಡೀಲರ್ ಒಂದನೇ ಎದುರುದಾರ, ಕೊರಿಯರ್ ಎರಡನೇ ಎದುರುದಾರ ಅಂತ ಹಾಕಿದ್ವಿ. 2019ರ ಕಾಯ್ದೆ ಬಂದ್ಮೇಲೆ ನಾವಿರೋ ಊರಲ್ಲೇ ಹಾಕ್ಬಹುದು, ಸೂರತ್‌ಗೆ ಹೋಗ್ಬೇಕಿಲ್ಲ. ಕೊಟ್ಟ ಬೆಲೆ 5 ಲಕ್ಷದೊಳಗಿದ್ರೆ ಫೀಸೂ ಇಲ್ಲ, ಎರಡು ವರ್ಷ ಟೈಮಿರುತ್ತೆ. ಒಂದು ತೊಡಕು, ವ್ಯಾಪಾರಕ್ಕೆ ಅಂತ ತಗೊಂಡವ್ರನ್ನ ಗ್ರಾಹಕ ಅಂತ ಒಪ್ಪಲ್ಲ. ಸ್ವಂತ ದುಡಿದು ಹೊಟ್ಟೆ ಹೊರೆಯೋಕೆ ತಗೊಂಡಿದ್ದಾದ್ರೆ ಒಪ್ತಾರೆ, ಅದನ್ನ ದೂರಿನಲ್ಲೇ ಬಿಡಿಸಿ ಬರೀಬೇಕು, ನಾವು ಬರೆದ್ವಿ.

ಆಯೋಗದ ನೋಟಿಸ್ ಹೋದ್ಮೇಲೆ ನೋಡಿ, ಸೂರತ್‌ನಿಂದ "ಮೇಡಂ ಮಾತಾಡೋಣ" ಅಂತ ಫೋನ್ ಬಂತು. ಇನ್ಶೂರೆನ್ಸ್ ಕಂಪನಿಯ ಆ ಎರಡು ಸಾಲಿನ ಮೇಲ್ ದೂರಿನ ಜೊತೆ ಲಗತ್ತಾಗಿತ್ತಲ್ಲ. 20,000ದಿಂದ ಶುರು ಮಾಡ್ದ, 28,000ಕ್ಕೆ ನಿಲ್ಸಿದ್ವಿ. ದುಡ್ಡು ಅಕೌಂಟ್‌ಗೆ ಬಂದ್ಮೇಲೇ ದೂರು ವಾಪಸ್ ತಗೊಳ್ಳೋ ಅರ್ಜಿಗೆ ಸೈನ್ ಹಾಕಿದ್ದು, ಅಷ್ಟಾದ್ರೂ ಕಲ್ತಿದ್ದೆ. ಮದುವೆ ಸೀಸನ್ ಹೋದದ್ದು ಹೋಯ್ತು, ಅದಕ್ಕೆ ಲೆಕ್ಕ ಇಲ್ಲ.

ಆಪ್‌ನಲ್ಲಿ ತಗೊಂಡೋರಿಗೆ ಇಷ್ಟೆಲ್ಲಾ ಬೇಡ, ರಿಟರ್ನ್ ದಿನ ಮುಗಿಯೋದ್ರೊಳಗೆ ಫೋಟೋ ಹಾಕಿ ವಾಪಸ್ ಹಾಕಿ, ಕೊರಿಯರ್ ತಂಟೆಗೇ ಹೋಗ್ಬೇಡಿ. ನನ್ನ ಹಾಗೆ ಫೋನಲ್ಲಿ ಮಾತಾಡಿ ದೂರದಿಂದ ಮೆಷಿನ್ ತರಿಸೋರು ದುಡ್ಡು ಹಾಕೋಕ್ ಮುಂಚೆ, ಈ ಬಿಲ್ಲಿನ ಡಿಕ್ಲರೇಶನ್ ಕಾಪಿ ಕಳಿಸ್ತೀರಾ, ಕ್ಲಾಜ್ ಎ ಇದ್ಯಾ ಅಂತ ವಾಟ್ಸಾಪ್‌ನಲ್ಲಿ ಬರೆದು ಕೇಳಿ. ಮೊನ್ನೆ ಓವರ್‌ಲಾಕ್ ಮೆಷಿನ್‌ಗೆ ಇನ್ನೊಬ್ಬರ ಹತ್ರ ಹೀಗೇ ಕೇಳ್ದೆ, ಐದು ನಿಮಿಷ ಟೈಪಿಂಗ್ ಟೈಪಿಂಗ್ ಅಂತ ತೋರಿಸಿ, "ಮೇಡಂ, ಇನ್ಶೂರೆನ್ಸ್ ಚಾರ್ಜ್ ತೆಗೆದುಬಿಡ್ತೀನಿ" ಅಂತ ಉತ್ತರ ಬಂತು.